ಝುಮ್ಮೆನ್ನುವ ಜೆರಾಕ್ಸ್ ಮಷಿನ್: ನಿರ್ವಹಣಾ ವಿಭಾಗಕ್ಕೊಂದು ಬಹಿರಂಗ ಪತ್ರ

ನಿರ್ವಹಣಾ ವಿಭಾಗದ ಮಹನೀಯರಿಗೆ,

ಸಯನ್ ಕಚೇರಿಯ ಎರಡನೇ ಮಹಡಿಯಿಂದ ನಮಸ್ಕಾರ.

ಮಳೆ ಹಿಡಿದಾಗಿನಿಂದ ನಮ್ಮ ಜೆರಾಕ್ಸ್ ಮಷಿನ್ ಮುಟ್ಟಿದವರಿಗೆ ಶಾಕ್ ಹೊಡೆಯುತ್ತಿದೆ. ಚಹಾದ ಹೊತ್ತಿನಲ್ಲಿ ಹೇಳಿದೆವು, ಲಿಫ್ಟಿನಲ್ಲಿ ಹೇಳಿದೆವು. "ಬಾಯಿಮಾತು ನಡೆಯೋಲ್ಲ, ಕಚೇರಿ ಭಾಷೆಯಲ್ಲಿ ಬರೆದುಕೊಡಿ" ಎಂದಿರಿ. ಬರೆಯುವ ಕೆಲಸ ನನ್ನ ತಲೆಗೆ ಬಂತು.

ನಮ್ಮ ಶಿಪಾಯಿ ಹೇಳಿದ್ದು ಇಷ್ಟು: "ಗಾಂಧಿ ಮಾರ್ಕೆಟ್ ನೀರಲ್ಲಿ ನಡ್ಕೊಂಡು ಬಂದ ದಿನ ಹಿಂದಿನ ತಗಡು ಮುಟ್ಟಿದ್ರೆ ಮೊಣಕೈವರೆಗೆ ಝುಮ್ ಅನ್ನುತ್ತೆ ಸಾಹೇಬ್ರೇ. ಚಪ್ಪಲಿ ಒಣಗಿದ್ರೆ ಏನೂ ಇಲ್ಲ."

ನಾನು ಬರೆದದ್ದು: "ಸದರಿ ಉಪಕರಣದ ಬಳಕೆಯಲ್ಲಿ ಋತುಮಾನಕ್ಕನುಗುಣವಾಗಿ ಸಿಬ್ಬಂದಿಗೆ ಅಲ್ಪ ಅನಾನುಕೂಲತೆ ಕಂಡುಬಂದಿರುತ್ತದೆ." ನಿಮಗೆ ತುಂಬ ಹಿಡಿಸಿತು. "ಗಮನಿಸಲಾಗಿದೆ" ಎಂದು ಬರೆದು ಫೈಲಿಗೆ ಸೇರಿಸಿದಿರಿ.

ತಪ್ಪು ನನ್ನದೇ. ಎಲ್ಲಿ, ಯಾವಾಗ, ಎಷ್ಟು ಎಂಬುದೆಲ್ಲ ಶಿಪಾಯಿಯ ಮಾತಿನಲ್ಲಿತ್ತು. ನಾನು ಇಸ್ತ್ರಿ ಹಾಕಿ ಅಳಿಸಿಬಿಟ್ಟೆ. ಆಮೇಲೆ ಪ್ಲಗ್ಗು ಕಿತ್ತು ನೋಡಿದರೆ ಅದರ ದಪ್ಪ ಪಿನ್ನು, ಅಂದರೆ ಅರ್ಥಿಂಗಿನದು, ಮುರಿದುಹೋಗಿದೆ. ಇಂಥ ಮಷಿನಿನೊಳಗಿಂದ ಚೂರು ಕರೆಂಟ್ ಸದಾ ಸೋರುತ್ತದೆ. ಅದು ಆ ಪಿನ್ನಿನ ಮೂಲಕ ನೆಲಕ್ಕಿಳಿಯಬೇಕು. ಪಿನ್ನಿಲ್ಲವಾದ್ದರಿಂದ ತಗಡಿನ ಮೇಲೆ ಕೂತು ಒದ್ದೆ ಕಾಲಿನವರಿಗಾಗಿ ಕಾಯುತ್ತಿದೆ. ಇವತ್ತು ಝುಮ್ ಅನ್ನುತ್ತದೆ ಅಷ್ಟೇ. ನಾಳೆ ಒಳಗಿನ ವೈರಿನ ಹೊದಿಕೆ ಸವೆದು ತಗಡಿಗೆ ತಾಗಿದರೆ 230 ವೋಲ್ಟ್ ಪೂರ್ತಿ ಬರುತ್ತದೆ. ಅರ್ಥಿಂಗ್ ಇದ್ದರೆ ಆ ಕ್ಷಣವೇ ಟ್ರಿಪ್ ಆಗಬೇಕು. ಇಲ್ಲದಿದ್ದರೆ ಯಾರಾದರೂ ಮುಟ್ಟುವವರೆಗೆ ಗೊತ್ತೇ ಆಗದು.

ಇದನ್ನು ಹೇಳಿದರೆ, ಪ್ಲಗ್ಗು ಮಷಿನ್ ಕಾಂಟ್ರ್ಯಾಕ್ಟರದು, ಸಾಕೆಟ್ಟು ಕಟ್ಟಡದ ಮಾಲೀಕರದು ಎಂದಿರಿ. ಸಯನ್ನಿಗೆ ಮರಾಠಿಯಲ್ಲಿ ಶೀವ, ಅಂದರೆ ಗಡಿ ಎನ್ನುತ್ತಾರೆ. ಊರಿಗೆ ತಕ್ಕ ಉತ್ತರವೇ. ಶಾಕ್ ಯಾರ ಹದ್ದಿನದು ಎಂದು ಮಾತ್ರ ಹೇಳಲಿಲ್ಲ.

ಆದ್ದರಿಂದ ಹೊಸ ಮನವಿ, ಕಚೇರಿ ಭಾಷೆಯಲ್ಲೇ:

ವಿಷಯ: ಎರಡನೇ ಮಹಡಿಯ ಜೆರಾಕ್ಸ್ ಮಷಿನಿನಿಂದ ಶಾಕ್.
ಕಂಡದ್ದು: ಒದ್ದೆ ಕಾಲಿನಲ್ಲಿ ಹಿಂಬದಿಯ ತಗಡು ಮುಟ್ಟಿದರೆ ಮೊಣಕೈವರೆಗೆ ಝುಮ್, ಅರ್ಥ್ ಪಿನ್ನು ಮುರಿದಿದೆ.
ನಾವು ಮಾಡಿದ್ದು: ಪ್ಲಗ್ಗು ಕಿತ್ತು "ಹಚ್ಚಬೇಡಿ" ಎಂದು ಚೀಟಿ ಅಂಟಿಸಿದ್ದೇವೆ.
ಕೋರಿಕೆ: ಎರಡು ದಿನದೊಳಗೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಪ್ಲಗ್ಗು ಬದಲಿಸಲಿ. ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯೇ ಎಂದೂ ಪರೀಕ್ಷಿಸಲಿ. ಅಲ್ಲಿಲ್ಲದಿದ್ದರೆ ಹೊಸ ಪ್ಲಗ್ಗು ಬರೀ ಅಲಂಕಾರ. ಬೋರ್ಡಿನ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಅದು ಬೀಳುತ್ತದೆಯೇ ಎಂದು ನಮ್ಮೆದುರೇ ತೋರಿಸಲಿ.

ಇಂತು ತಮ್ಮ ವಿಧೇಯ,
ಎರಡನೇ ಮಹಡಿಯ ಗುಮಾಸ್ತ

ಮರೆತ ಮಾತು: ಮಷಿನ್ ನಿಲ್ಲಿಸಿರುವುದರಿಂದ ಈ ಪತ್ರದ ಜೆರಾಕ್ಸ್ ತೆಗೆಯಲಾಗಲಿಲ್ಲ. ಇರುವ ಒಂದೇ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದ್ದೇವೆ. ಓದಲು ಬರುವಾಗ ಚಪ್ಪಲಿ ಒಣಗಿಸಿಕೊಳ್ಳಬೇಕಾಗಿಲ್ಲ.