ಕಿಟ್ಟಯ್ಯನಿಗೆ ಮೈಸೂರು ಪೇಟ

ಕ್ರಿ.ಶ. 750ರ ಸುಮಾರಿಗೆ ಹೆಬ್ಬಾಳದಲ್ಲಿ ಫ್ಲೈಓವರ್ ಇರಲಿಲ್ಲ. ಇದನ್ನೂ ಬಿಡಿಸಿ ಹೇಳಬೇಕಾದೀತು ಅಂತ ನನಗೆ ಹೊಳೆದಿರಲಿಲ್ಲ. ಚಿತ್ರ ಬರೆಯುವ ಎಐಗೆ "ಹೆಬ್ಬಾಳ, ಗಂಗರ ಕಾಲ, ವೀರನ ಕಾಳಗ" ಎಂದು ಟೈಪ್ ಮಾಡಿ, ಕಾಫಿ ಸೋಸಿಕೊಂಡು ಬರುವಷ್ಟರಲ್ಲಿ ಚಿತ್ರ ಸಿದ್ಧವಾಗಿತ್ತು. ಸೂರ್ಯ ಮುಳುಗುತ್ತಿದ್ದಾನೆ, ಎದುರಿಗೆ ಕೆರೆ, ಕೆರೆಯಾಚೆ ಮಂಜಿನಲ್ಲಿ ಕಾಂಕ್ರೀಟಿನ ಕಂಬಗಳ ಸಾಲು. ಮುಂದುಗಡೆ ಮೈಸೂರು ಪೇಟ ಸುತ್ತಿ, ಚಿನ್ನದ ಎದೆಕವಚ ತೊಟ್ಟು, ಜಿಮ್ಮಿನಿಂದ ಈಗಷ್ಟೇ ಬಂದಂತೆ ನಿಂತ ಒಬ್ಬ ಮಹಾಶಯ. ಅವನೇ ನಮ್ಮ ಕಿಟ್ಟಯ್ಯನಂತೆ.

ಈ ಉಸಾಬರಿ ನನಗೆ ಅಂಟಿದ್ದು ಆರ್.ಟಿ. ನಗರದ ನಮ್ಮ ಅಪಾರ್ಟ್‌ಮೆಂಟ್ ಸಂಘದ ರಾಜ್ಯೋತ್ಸವದಿಂದ. "ಪ್ರತಿ ವರ್ಷ ಅದೇ ಭುವನೇಶ್ವರಿ, ಅದೇ ಕೆಂಪೇಗೌಡರು. ಈ ಸಲ ಲೋಕಲ್ ಆಗಿ ಏನಾದರೂ ಮಾಡಿ ಸಾರ್, ನೀವು ಓದಿದವರು" ಎಂದರು ಅಧ್ಯಕ್ಷರು. ಓದಿದವರು ಎನ್ನಿಸಿಕೊಂಡವನಿಗೆ ಸಂಬಳವಿಲ್ಲದ ಕೆಲಸ ಹೀಗೆಯೇ ಬರುತ್ತದೆ. ಲೋಕಲ್ ಎಂದರೆ ಕಿಟ್ಟಯ್ಯನಿಗಿಂತ ಲೋಕಲ್ ಯಾರು? 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಮೇಲೆದ್ದ ವೀರಗಲ್ಲಿನ ಮನುಷ್ಯ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ನೇ ಇಸವಿಯದು ಎಂದು ಲಿಪಿ ತಜ್ಞರು ಓದಿದ್ದಾರೆ. ಬೆಂಗಳೂರಿನಲ್ಲಿ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅತಿ ಹಳೆಯದೆಂದು ಇದಕ್ಕೆ ಹೆಸರು. ನಮ್ಮ ಗೇಟಿನಿಂದ ಆಟೋ ಹತ್ತಿದರೆ, ಸಿಗ್ನಲ್ ಕರುಣಿಸಿದರೆ, ಹತ್ತು ನಿಮಿಷದ ದಾರಿ.

ಆ ಕಲ್ಲಿನಲ್ಲಿ ಹೆಬ್ಬಾಳ ಎಂಬ ಪದವೇ ಇಲ್ಲ. ಇರುವುದು ಪೆರ್ಬೊಳಲ್ ನಾಡು. ಪೊಳಲ್ ಅಂದರೆ ಊರು, ಪಟ್ಟಣ. ಪಕಾರ ಹಕಾರವಾಗಿ, ನಾಲಿಗೆಯ ಮೇಲೆ ಸವೆದು ಸವೆದು ಹೆಬ್ಬಾಳವಾಯಿತು. ಹೀಗಾಗಿ ನನ್ನ ಪ್ರಾಂಪ್ಟಿನ ಮೊದಲ ಪದವೇ ಕಾಲತಪ್ಪಿದ್ದು. ಹೆಬ್ಬಾಳ ಎಂದರೆ ಯಂತ್ರ ನೋಡಿರುವುದು ಇಂಟರ್‌ನೆಟ್ಟಿನ ಹೆಬ್ಬಾಳವನ್ನು: ಫ್ಲೈಓವರ್, ಕೆರೆ, ಟ್ರಾಫಿಕ್ಕು. ಅದು ಕಂಡದ್ದನ್ನೇ ಬರೆಯಿತು, ಟ್ರಾಫಿಕ್ ಬಿಟ್ಟದ್ದೇ ಪುಣ್ಯ. ಕೆರೆಯೂ ಅಲ್ಲಿರಬಾರದಿತ್ತು, ಏಕೆಂದರೆ ಹೆಬ್ಬಾಳದ ಕೆರೆ ಕೆಂಪೇಗೌಡರ ಕಾಲದ್ದೆಂದು ಹೇಳುತ್ತಾರೆ. ಕಿಟ್ಟಯ್ಯ ಬಿದ್ದು ಎಂಟುನೂರು ವರ್ಷವಾದ ಮೇಲಿನ ನೀರು ಅದು. ಇಂಥ ಚಿತ್ರ ಮಾಡುವವರು ಮೊದಲು ಕಲಿಯಬೇಕಾದ್ದು ಇದು: ಇಂದಿನ ಊರಿನ ಹೆಸರು ಹಾಕಿದರೆ ಇಂದಿನ ಊರೇ ನುಗ್ಗುತ್ತದೆ. ಹೆಸರು ಬಿಟ್ಟು ನೆಲವನ್ನು ಹೇಳಬೇಕು. ಬಂಡೆ ಯಾವ ಬಣ್ಣ, ಗಿಡ ಎಷ್ಟು ಎತ್ತರ, ಗುಡಿಸಲಿಗೆ ಏನು ಹೊದಿಕೆ.

ಪೇಟದ ಕಥೆ ಬೇರೆ. ಅದು ನಮ್ಮದೇ ತಪ್ಪು. "ಪ್ರಾಚೀನ ಭಾರತೀಯ ವೀರ" ಎಂದರೆ ಯಂತ್ರದ ಹೊಟ್ಟೆಯೊಳಗಿಂದ ಹೊರಬೀಳುವುದು ಟೀವಿಯ ಮಹಾಭಾರತ, ಸಿನಿಮಾ ಪೋಸ್ಟರು, ಮದುವೆ ಮನೆಯ ಬಾಡಿಗೆ ಪೇಟ. ಅದಕ್ಕೆ ಶತಮಾನಗಳ ಲೆಕ್ಕವಿಲ್ಲ. ಯಾವ ಚಿತ್ರ ಹೆಚ್ಚು ಸಲ ಕಣ್ಣಿಗೆ ಬಿದ್ದಿದೆಯೋ ಅದೇ ಇತಿಹಾಸ. ನಮ್ಮ ಅಧ್ಯಕ್ಷರ ವಿಧಾನವೂ ಇದೇ ಆದ್ದರಿಂದ ಅವರಿಗೂ ಯಂತ್ರಕ್ಕೂ ಮೊದಲ ನೋಟದಲ್ಲೇ ಹೊಂದಾಣಿಕೆಯಾಯಿತು.

"ಪೇಟ ಬೇಡ" ಎಂದು ಪ್ರಾಂಪ್ಟಿಗೆ ಸೇರಿಸಿದೆ. ಪೇಟ ದೊಡ್ಡದಾಯಿತು. "ದಯವಿಟ್ಟು ತಲೆಗೆ ಪೇಟ ಹಾಕಬೇಡ" ಎಂದೆ. ಈಗ ಹಿಂದೆ ನಿಂತವರಿಗೂ ಪೇಟ ಬಂತು. ಮನೆಗೆ ಬಂದ ಮಗುವಿಗೆ ಆ ಡಬ್ಬಿ ಮಾತ್ರ ಮುಟ್ಟಬೇಡ ಎಂದ ಹಾಗೆ. ಇಂಥ ಎಷ್ಟೋ ಯಂತ್ರಗಳಿಗೆ "ಬೇಡ" ಎಂಬುದು ಸರಿಯಾಗಿ ಕೇಳಿಸುವುದಿಲ್ಲ, ಪೇಟ ಎಂಬುದು ಚೆನ್ನಾಗಿ ಕೇಳಿಸುತ್ತದೆ. ಬೇಡದ್ದನ್ನು ಬರೆಯಲು ಬೇರೆ ಖಾನೆಯಿದ್ದರೆ ಅಲ್ಲಿ ಬರೆಯಬೇಕು. ಇಲ್ಲದಿದ್ದರೆ ಬೇಡದ್ದರ ಜಾಗದಲ್ಲಿ ಬೇಕಾದ್ದನ್ನು ಕೂರಿಸಬೇಕು. ತಲೆಯ ಮೇಲೆ ಪೇಟ ಇರಬಾರದು ಎನ್ನುವ ಬದಲು ಕೂದಲು ಗಂಟು ಕಟ್ಟಿದೆ ಎಂದರೆ, ಪೇಟ ಕೂರಲು ಜಾಗವೇ ಉಳಿಯುವುದಿಲ್ಲ.

ಕೂದಲಿಗೆ ಗಂಟು ಎಂದು ಹೇಳಿಕೊಟ್ಟವರು ಯಾರು ಎಂದರೆ, ಕಲ್ಲೇ. ಇದು ನಾನು ಎರಡು ದಿನ ವ್ಯರ್ಥ ಮಾಡಿ ಆಮೇಲೆ ಕಂಡುಕೊಂಡ ವಿದ್ಯೆ. ಮೊದಲು ಕಲ್ಲು ನೋಡಬೇಕು, ಆಮೇಲೆ ಕೀಬೋರ್ಡು ಮುಟ್ಟಬೇಕು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ತಂದ ಗಂಗರ ಕಾಲದ ದೊಡ್ಡ ವೀರಗಲ್ಲಿದೆ, ಕಿಟ್ಟಯ್ಯನಿಗಿಂತ ನೂರೈವತ್ತು ವರ್ಷ ಚಿಕ್ಕದು. ಆನೆ, ಕುದುರೆ, ಕತ್ತಿ, ಬಿಲ್ಲು, ಬಿದ್ದವರು, ಬೀಳಿಸಿದವರು ಎಲ್ಲ ಒಂದೇ ಕಲ್ಲಿನಲ್ಲಿ ಕಿಕ್ಕಿರಿದಿದ್ದಾರೆ. ಅದರ ಮುಂದೆ ಅರ್ಧ ಗಂಟೆ ನಿಂತರೆ ಸೊಂಟದ ಬಟ್ಟೆ ಎಲ್ಲಿಗೆ ನಿಲ್ಲುತ್ತದೆ, ಕತ್ತಿ ಎಷ್ಟು ಉದ್ದ ಎಂಬುದು ತಿಳಿಯುತ್ತದೆ. ಹಾಗೆಂದು ಕಲ್ಲನ್ನೂ ಪೂರ್ತಿ ನಂಬುವಂತಿಲ್ಲ. ಸತ್ತವನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವುದನ್ನು ಕೆತ್ತಿದ ಶಿಲ್ಪಿಯೂ ಯಾರದೋ ಪ್ರಾಂಪ್ಟಿಗೆ ತಕ್ಕಂತೆ ಕೆಲಸ ಮಾಡಿದವನೇ. ಕಿಟ್ಟಯ್ಯ ನಿಜಕ್ಕೂ ಆ ದಿನ ಏನು ಉಟ್ಟಿದ್ದನೋ, ಅದು ಅವನ ಜೊತೆಗೇ ಹೋಯಿತು. ನಮಗೆ ಸಿಕ್ಕುವುದು, ಆ ಕಾಲದ ಶಿಲ್ಪಿ ಒಬ್ಬ ವೀರನಿಗೆ ಏನು ಉಡಿಸುತ್ತಿದ್ದ ಎಂಬುದಷ್ಟೇ.

ಕೊನೆಗೆ ಉಳಿದ ಪ್ರಾಂಪ್ಟು ಇದು. ಇಂಗ್ಲಿಷಿನಲ್ಲಿ ಕೊಟ್ಟರೆ ನನ್ನ ಯಂತ್ರ ಹೆಚ್ಚು ವಿಧೇಯ, ಈ ಊರಿನ ಕೆಲವು ಕಚೇರಿಗಳ ಹಾಗೆ:

```
Village skirmish, southern Karnataka, c. 750 CE.
Three men on foot, bare-chested, barefoot,
knee-length cotton cloth, hair tied in a knot.
Thatched mud huts, dry scrub, grey granite.
Humped grey cattle, long swept-back horns.
Negative: turban, armour, marigold, roof tiles
```

ದನದ ಸಾಲು ನೋಡಿ ನಗಬೇಡಿ. ಬರೀ ದನ ಎಂದದ್ದಕ್ಕೆ ಯಂತ್ರ ಕಪ್ಪು ಬಿಳುಪಿನ ಎಚ್‌ಎಫ್ ಹಸುಗಳನ್ನು ಕಾಳಗದ ನಡುವೆ ಮೇಯಲು ಬಿಟ್ಟಿತ್ತು, ಹಿಣಿಲಿಲ್ಲದ, ಡೇರಿಗೆ ಹಾಲು ಹಾಕುವ ಹಾಲೆಂಡಿನ ಹಸು. ಹಿಣಿಲು, ಬೂದು ಬಣ್ಣ, ಹಿಂದಕ್ಕೆ ಬಾಗಿದ ಉದ್ದ ಕೊಂಬು ಎಂದು ಬರೆದ ಮೇಲೆ ನಮ್ಮ ಹಳ್ಳಿಕಾರ್ ತಳಿಯ ನೆಂಟರಂಥವು ಬಂದವು. ಹೆಂಚಿನ ಕಥೆಯೂ ಅಷ್ಟೇ. ದಕ್ಷಿಣದ ಹಳ್ಳಿ ಎಂದರೆ ಅದಕ್ಕೆ ಕೆಂಪು ಮಂಗಳೂರು ಹೆಂಚು ಬೇಕೇ ಬೇಕು. ಆ ಹೆಂಚಿನ ಮೊದಲ ಕಾರ್ಖಾನೆಯನ್ನು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ತೆರೆದದ್ದು 1865ರಲ್ಲಿ. ಕಿಟ್ಟಯ್ಯ ಸಾವಿರದ ನೂರು ವರ್ಷ ಮುಂಗಡವಾಗಿ ಹೆಂಚು ತರಿಸಿಕೊಂಡಿದ್ದ.

ತಪಾಸಣೆಗೆ ನಾನು ಮಾಡಿಕೊಂಡ ದಾರಿ ಸರಳ. ಚಿತ್ರವನ್ನು ಇಡಿಯಾಗಿ ನೋಡಬಾರದು, ಇಡಿಯಾಗಿ ನೋಡಿದರೆ ಅದು ನಮ್ಮನ್ನು ಮರುಳು ಮಾಡುತ್ತದೆ. ಎರಡು ಪಟ್ಟು ಹಿಗ್ಗಿಸಿ, ತಲೆಯಿಂದ ಕಾಲಿನವರೆಗೆ, ಆಮೇಲೆ ಕೈಯಲ್ಲಿರುವುದು, ಆಮೇಲೆ ಹಿಂದಿನ ಅಂಗಳ ಎಂದು ತುಂಡು ತುಂಡಾಗಿ ನೋಡಬೇಕು. ಪ್ರತಿ ವಸ್ತುವಿಗೂ ಒಂದೇ ಪ್ರಶ್ನೆ: ನೀನು ಈ ಊರಿಗೆ ಬಂದದ್ದು ಯಾವಾಗ? ಅಂಗಳದ ಚಾಪೆಯ ಮೇಲೆ ಒಣ ಹಾಕಿದ ಕೆಂಪು ಮೆಣಸಿನಕಾಯಿ ಸಿಕ್ಕಿಬಿದ್ದದ್ದು ಹಾಗೆ. ಪೋರ್ಚುಗೀಸರು ಬರುವ ತನಕ ಮೆಣಸಿನಕಾಯಿ ಅಮೆರಿಕದಲ್ಲಿತ್ತು, ಇಲ್ಲಿ ಖಾರಕ್ಕೆ ಕರಿಮೆಣಸು. ಗುಡಿಸಲ ಪಕ್ಕದ ಗಾಡಿಗೆ ಟೈರು ಇತ್ತು. ನೀರಿಗೆ ಹೊರಟ ಹೆಂಗಸಿನ ಕೊಡ ಸ್ಟೀಲಿನದು. ತಪ್ಪು ಸಿಕ್ಕಿದ ಕಡೆ ಮಾತ್ರ ಮಸಿ ಬಳಿದು, ಅಷ್ಟನ್ನೇ ಮತ್ತೆ ಬರೆಸಬೇಕು. ಪೂರ್ತಿ ಚಿತ್ರ ಮತ್ತೆ ಬರೆಸಿದರೆ ಕೊಡ ಮಣ್ಣಿನದಾಗುತ್ತದೆ, ಆದರೆ ಪೇಟ ವಾಪಸು ಬರುತ್ತದೆ.

ನಮ್ಮ ಸಮಿತಿಯೂ ತಪಾಸಣೆ ಮಾಡಿತು. ಒಬ್ಬರು ಕಿಟ್ಟಯ್ಯನ ಮಣಿಕಟ್ಟಿನ ಕಪ್ಪು ಪಟ್ಟಿಯನ್ನು ವಾಚ್ ಎಂದು ಪತ್ತೆ ಹಚ್ಚಿ ಚಪ್ಪಾಳೆ ಗಿಟ್ಟಿಸಿದರು. ಇನ್ನೊಬ್ಬರು, ನಿವೃತ್ತ ಎಂಜಿನಿಯರು, "ಆ ಕಾಲದಲ್ಲಿ ಕಬ್ಬಿಣ ಎಲ್ಲಿತ್ತು ರೀ, ಕತ್ತಿ ತೆಗೀರಿ" ಎಂದರು. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಕ್ರಿಸ್ತಪೂರ್ವದ ಕಬ್ಬಿಣ ಸಿಕ್ಕಿದೆ ಎಂದರೆ "ಅದು ಹಾವೇರಿ, ಇದು ಬೆಂಗಳೂರು" ಎಂದರು. ಕಾಲದಲ್ಲಿ ಇಲ್ಲದ್ದನ್ನು ಇದೆ ಎನ್ನುವುದು ಒಂದು ತಪ್ಪು; ಇದ್ದದ್ದನ್ನು ಇಲ್ಲ ಎನ್ನುವುದು ಅದರ ಜೋಡಿ ತಪ್ಪು. ಎರಡನೆಯದಕ್ಕೆ ಹೆಚ್ಚು ಗೌರವ ಸಿಗುತ್ತದೆ.

ಹೆಂಗಸಿನ ರವಿಕೆಯ ವಿಷಯದಲ್ಲಿ ಸಮಿತಿ ಎರಡು ಭಾಗವಾಯಿತು. ಯಂತ್ರ ಅವಳಿಗೆ ಬುಗ್ಗೆ ತೋಳಿನ ರವಿಕೆ ಹೊಲಿದು, ನೆರಿಗೆ ಹಿಡಿದು ಸೆರಗು ಹೊದಿಸಿತ್ತು. ತೆಗೆಯಬೇಕು ಎಂದೆ. "ಮಕ್ಕಳು, ಹೆಂಗಸರು ಬರ್ತಾರೆ ಸಾರ್, ಇತಿಹಾಸ ಅಂತ ಹೇಳಿ ಬೈಸಿಕೊಳ್ಳೋದು ಬೇಡ" ಎಂದರು ಅಧ್ಯಕ್ಷರು. ಅವರ ಮಾತಲ್ಲೂ ಹುರುಳಿತ್ತು. ಅವಳನ್ನು ದೂರ ಕಳಿಸಿದೆ. ನೂರು ಹೆಜ್ಜೆ ಆಚೆ, ಬೆನ್ನು ತಿರುಗಿಸಿ, ಕೊಡ ಹೊತ್ತು ಹೊರಟವಳು ಏನು ಉಟ್ಟಿದ್ದಾಳೆ ಎಂದು ಯಾವ ಸಮಿತಿಯೂ ಕೇಳುವುದಿಲ್ಲ. ಗೊತ್ತಿಲ್ಲದ್ದನ್ನು ದೂರದಲ್ಲಿ, ಮಂಜಿನಲ್ಲಿ ಇಡುವುದು ಚಿತ್ರಕಾರರ ಹಳೆಯ ಮರ್ಯಾದೆ.

ಮುಗಿದ ಚಿತ್ರ ತೋರಿಸಿದಾಗ ಸಭೆ ಮೌನವಾಯಿತು. ಬರಿಮೈ, ಬರಿಗಾಲು, ಮೊಳಕಾಲಿಗೆ ನಿಂತ ತುಂಡು ಬಟ್ಟೆ, ಬೂದು ಬಂಡೆ, ಹುಲ್ಲಿನ ಗುಡಿಸಲು.

"ಬಡವನ ಥರ ಕಾಣ್ತಾನಲ್ಲ" ಎಂದರು ಖಜಾಂಚಿ.

"ಒಂದೇ ಒಂದು ಸರ ಹಾಕಿಸಿ ಸಾರ್. ಇವನನ್ನ ನೋಡಿ ಯಾರು ಸ್ಪಾನ್ಸರ್ ಮಾಡ್ತಾರೆ?"

ಒಂದು ಮಣಿಸರಕ್ಕೆ ರಾಜಿಯಾಯಿತು. ಕಿವಿಗೆ ಓಲೆ ಇತ್ತೇ ಇತ್ತು, ಕಲ್ಲುಗಳಲ್ಲೂ ಇರುತ್ತದೆ, ಅದನ್ನು ತೋರಿಸಿ ಚಿನ್ನದ ಕವಚ ತಪ್ಪಿಸಿದೆ. ಫ್ಲೆಕ್ಸ್ ಅಂಗಡಿಯ ಹುಡುಗ, "ಅಣ್ಣ, ಬ್ಯಾಕ್‌ಗ್ರೌಂಡ್ ಡಲ್ ಹೊಡೀತಿದೆ, ನಮ್ಮ ಹತ್ರ ರೆಡಿ ಹೂವಿನ ಬಾರ್ಡರ್ ಇದೆ" ಎಂದ. ಚೆಂಡು ಹೂವಿನ ಬಾರ್ಡರು. ಆ ಹೂವನ್ನು ನಾನು ಚಿತ್ರದಿಂದ ಮೂರು ಸಲ ಅಳಿಸಿದ್ದೆ: ಗುಡಿಸಲ ಬಾಗಿಲ ತೋರಣದಿಂದ ಒಮ್ಮೆ, ಎತ್ತಿನ ಕೊಂಬಿನಿಂದ ಒಮ್ಮೆ, ಕಿಟ್ಟಯ್ಯನ ಕೊರಳಿಂದ ಒಮ್ಮೆ. ಚೆಂಡು ಹೂವಿನ ತವರು ಮೆಕ್ಸಿಕೊ ಎಂದು ಹುಡುಗನಿಗೆ ಹೇಳಿದೆ. "ಯಶವಂತಪುರ ಮಾರ್ಕೆಟ್ಟಲ್ಲೇ ಸಿಗತ್ತಲ್ಲಣ್ಣ" ಎಂದ. ಬಾರ್ಡರ್ ಬೇಡವೆಂದು ಕಡ್ಡಿ ಮುರಿದಂತೆ ಹೇಳಿ, ಎಂಟಡಿ ಆರಡಿಯ ಬ್ಯಾನರ್ ಸುತ್ತಿಸಿಕೊಂಡು ಬಂದೆ.

ನವೆಂಬರ್ ಒಂದರ ಬೆಳಿಗ್ಗೆ ಗೇಟಿನ ಬಳಿ ಕಿಟ್ಟಯ್ಯ ನಿಂತಿದ್ದ. ಒಂದು ಹೆಂಚಿಲ್ಲ, ಒಂದು ಮೆಣಸಿನಕಾಯಿಯಿಲ್ಲ. ಅಧ್ಯಕ್ಷರು ಸ್ಟೂಲು ಹತ್ತಿ, ಮುಂಜಾನೆ ತಾವೇ ಹೋಗಿ ತಂದ ಎರಡು ಮಾರಿನ ಚೆಂಡು ಹೂವಿನ ಹಾರವನ್ನು ಬ್ಯಾನರಿಗೆ ಹಾಕಿ, ಕೆಳಗಿಳಿದು ಕೈಮುಗಿದರು. ನಾನೂ ಮುಗಿದೆ. ಹಾರ ಸರಿಯಾಗಿ ಕೂದಲ ಗಂಟಿನ ಮೇಲಿನಿಂದ ಇಳಿದಿತ್ತು. ದೂರದಿಂದ ನೋಡಿದರೆ ಪೇಟದ ಹಾಗೇ ಕಾಣುತ್ತಿತ್ತು.