ಸನ್‌ರೂಫಿಗೆ ಎಷ್ಟು ಅಂಕ?

ಶೋರೂಮಿನ ತಣ್ಣನೆಯ ಎಸಿ, ಬಿಸಿ ಕಾಫಿ, ಹೊಸ ಸೀಟಿನ ವಾಸನೆ ಸೇರಿದರೆ ಎಂಥ ಕಾರೂ ಮದುಮಗನೇ. ಅದಕ್ಕೇ ಅಲ್ಲಿಗೆ ಕಾಲಿಡುವ ಮೊದಲೇ ಸ್ಪ್ರೆಡ್‌ಶೀಟಿನಲ್ಲಿ ತೂಕ ಬರೆದಿಡಬೇಕು: ಸುರಕ್ಷತೆಗೆ 40, ಖರ್ಚಿಗೆ 35, ಆರಾಮಕ್ಕೆ 25. ಇವುಗಳಲ್ಲಿ ಸನ್‌ರೂಫಿನ ಕಾರಿಗೆ ಹತ್ತಕ್ಕೆ 6, 6, 9; ಸಾದಾ ಕಾರಿಗೆ 8, 8, 5 ಎನ್ನೋಣ. ಅಂಕವನ್ನು ತೂಕದಿಂದ ಗುಣಿಸಿ, ಕೂಡಿಸಿ, ನೂರರಿಂದ ಭಾಗಿಸಿದರೆ ಮೊದಲನೆಯದಕ್ಕೆ 6.75, ಸಾದಾ ಕಾರಿಗೆ 7.25.

‘ತಕ್ಕಡಿಯೂ ನಿಮ್ಮದೇ, ಕಲ್ಲೂ ನಿಮ್ಮದೇ’ ಎಂಬ ಆಕ್ಷೇಪ ನಿಜವೇ. ಹಾಗಾದರೆ ಕಲ್ಲನ್ನೇ ಅಲುಗಾಡಿಸಿ ನೋಡಿ. ಸುರಕ್ಷತೆಯ ತೂಕದಿಂದ 5 ಕಿತ್ತು ಆರಾಮಕ್ಕೆ ಕೊಟ್ಟರೂ ಸಾದಾ ಕಾರೇ ಮುಂದೆ. 10 ಕಿತ್ತರೆ ಸನ್‌ರೂಫು ಗೆಲ್ಲುತ್ತದೆ. ಆಕಾಶ ನೋಡಲು ಎಷ್ಟು ಸುರಕ್ಷತೆ ಮಾರಬೇಕೆಂಬ ಲೆಕ್ಕ ಇದು. ಆದರೂ ಮನಸ್ಸು ಸನ್‌ರೂಫನ್ನೇ ಬಯಸಿದರೆ ಧಾರಾಳವಾಗಿ ಕೊಳ್ಳಿ. ತೂಕ ತಿದ್ದಿ ‘ಹಾಳೆಯೇ ಹೇಳಿತು’ ಎನ್ನಬೇಡಿ.