ಗಾಜಿನ ಒಲೆಯ ಮೇಲೆ ಫುಲ್ಕಾ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಿಗೆ ಅಡುಗೆ ಹಿಡಿಸಬೇಕಾದರೆ ಮುದ್ದೆಯಲ್ಲಿ ಗಂಟಿರಬಾರದು, ಉಪ್ಸಾರಿನ ಖಾರ ನೆತ್ತಿಗೇರಬೇಕು. ಇವೆರಡರಲ್ಲಿ ಯಾವುದೂ ಉಬ್ಬುವ ಪದಾರ್ಥವಲ್ಲ. ನಮ್ಮಲ್ಲಿ ಉಬ್ಬುವ ಹಕ್ಕಿದ್ದದ್ದು ಪೂರಿಗೆ ಮಾತ್ರ, ಅದೂ ನೆಂಟರು ಬಂದ ದಿನ. ಇಂಥ ನಾಡಿನಿಂದ ಬಂದ ನಮ್ಮವ್ವನಿಗೆ ಕೆನಡಾದ ಮಿಸ್ಸಿಸಾಗಾದಲ್ಲಿ ಮೊಮ್ಮಗಳು ಒಡ್ಡಿದ ಪರೀಕ್ಷೆ ಫುಲ್ಕಾದ್ದು. ಗೆಳತಿಯ ಮನೆಯಲ್ಲಿ, ಅಂದರೆ ಪಂಜಾಬಿಗಳ ಮನೆಯಲ್ಲಿ, ಅದು ಚೆಂಡಿನಂತೆ ಉಬ್ಬುತ್ತದಂತೆ. ನಮ್ಮ ಮನೆಯಲ್ಲಿ ಯಾಕೆ ಮಲಗಿರುತ್ತದೆ ಅನ್ನುವುದು ಅವಳ ಪ್ರಶ್ನೆ.

ಅವ್ವ ಮೊದಲು ಒಲೆಯನ್ನೇ ಅನುಮಾನಿಸಿದಳು. "ಇದ್ಯಾವ ಒಲೆ ಮಗ? ಕೆಂಡ ಕಾಣ್ತದೆ, ಉರಿನೇ ಇಲ್ಲ. ಅದೂ ಹೋಗಿ ಬಂದು ಮಾಡ್ತದೆ." ಅವಳ ಮಾತು ಅರ್ಧ ಸರಿ. ಗಾಜಿನ ಕೆಳಗಿರುವ ಸುರುಳಿ ಕೆಂಪಗಾಗುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಆರಿಕೊಳ್ಳುತ್ತದೆ, ಮತ್ತೆ ಹತ್ತಿಕೊಳ್ಳುತ್ತದೆ. ಊರಿನ ಗ್ಯಾಸಿನ ಮೇಲೆ ಎರಡು ಬದಿ ಬೆಂದ ರೊಟ್ಟಿಯನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ತೋರಿಸಿದರೆ ಕ್ಷಣದಲ್ಲಿ ಮೇಲೇಳುತ್ತದೆ. ಇಲ್ಲಿ ತೋರಿಸುವುದು ಯಾರಿಗೆ? ಹೆಂಡತಿ ಇಂಡಿಯನ್ ಸ್ಟೋರಿನಿಂದ ತಂತಿಯ ಜಾಲರಿ ತಂದಳು. ರೊಟ್ಟಿ ಒಂದು ಮೂಲೆಯಲ್ಲಿ ಉಬ್ಬಿತು, ಉದುರಿದ ಒಣಹಿಟ್ಟು ಗಾಜಿಗೆ ಅಂಟಿ ಸುಟ್ಟಿತು, ಹೊಗೆಯ ಅಲಾರಾಂ ಕಿರುಚಿತು. ಅಪ್ಪ ಟವೆಲ್ ಬೀಸುತ್ತಾ ಅದರ ಕೆಳಗೆ ನಿಂತರು. ಆಮೇಲೆ ಅಡುಗೆಮನೆಯಲ್ಲಿ ಅವರ ಕಾಯಂ ಜಾಗ ಅದೇ ಆಯಿತು.

ಉಬ್ಬಿಸುವುದು ಉರಿಯಲ್ಲ, ಒಳಗಿನ ನೀರು. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ. ಒಂದು ಫುಲ್ಕಾ ತುಂಬ ಉಬ್ಬುವುದಕ್ಕೆ ಅರ್ಧ ಗ್ರಾಂ ಆಸುಪಾಸು ನೀರು ಆವಿಯಾದರೆ ಸಾಕು. ಷರತ್ತು ಎರಡು. ಆ ಆವಿ ಒಂದೇ ಉಸಿರಿಗೆ ಹುಟ್ಟಬೇಕು, ಮತ್ತು ಹೊರಗೆ ಹೋಗುವ ದಾರಿ ಸಿಗಬಾರದು. ಗೋಧಿಯ ಅಂಟು ಹಿಗ್ಗುವ ಪೊರೆಯಾಗಿ ಅದನ್ನು ತಡೆಯುತ್ತದೆ. ರಾಗಿಯಲ್ಲಿ ಆ ಅಂಟಿಲ್ಲ. ಜೋಳದಲ್ಲೂ ಇಲ್ಲ, ಆದರೂ ಉತ್ತರ ಕರ್ನಾಟಕದವರು ಕುದಿವ ನೀರಿನಲ್ಲಿ ಹಿಟ್ಟು ಕಲಸಿ, ಬಡಿದು, ಜೋಳದ ರೊಟ್ಟಿಯನ್ನೂ ಉಬ್ಬಿಸುತ್ತಾರೆ. ಇದನ್ನು ಹೇಳಿದ್ದಕ್ಕೆ ಅವ್ವ, "ಅವ್ರು ಬುದ್ವಂತ್ರು, ನೀ ಸುಮ್ಕಿರು" ಅಂದಳು.

ದೋಷ ಹಿಟ್ಟಿನಿಂದಲೇ ಶುರುವಾಗಿತ್ತು. ಅಗ್ಗಕ್ಕೆ ಸಿಕ್ಕಿತೆಂದು ಹೆಂಡತಿ ಸೂಪರ್‌ಮಾರ್ಕೆಟ್ಟಿನ ಬ್ರೆಡ್ ಮಾಡುವ ಗೋಧಿಹಿಟ್ಟು ತಂದಿದ್ದಳು. ಅದರ ತೌಡು ದಪ್ಪ. ಲಟ್ಟಿಸಿ ತೆಳ್ಳಗಾದ ಪೊರೆಯನ್ನು ಆ ಚೂರುಗಳೇ ಚುಚ್ಚುತ್ತವೆ, ಆವಿ ಅಲ್ಲಿಂದ ಸುಯ್ಯೆಂದು ನುಸುಳುತ್ತದೆ. ರೊಟ್ಟಿ ಹಂಚಿನ ಮೇಲಿದ್ದಾಗ ಹೀಗೆ ಒಂದು ಚುಕ್ಕಿಯಿಂದ ಆವಿ ಚಿಮ್ಮುವುದು ಕಣ್ಣಿಗೇ ಕಾಣುತ್ತದೆ, ಆಮೇಲೆ ಅದಕ್ಕೆ ಏನು ಉಪಚಾರ ಮಾಡಿದರೂ ಅದು ಚಪಾತಿಯೇ. ಚಕ್ಕಿ ಆಟಾ ಬಂದ ಮೇಲೆ ಅವ್ವ ಎರಡು ಲೋಟ ಹಿಟ್ಟಿಗೆ ಮುಕ್ಕಾಲು ಲೋಟ ನೀರು ಹಾಕಿ, ಮಿಕ್ಕ ಕಾಲು ಲೋಟವನ್ನು ಕೈ ಹೇಳಿದಷ್ಟೇ ಚಿಮುಕಿಸಿ ಕಲಸಿದಳು. ಕಿವಿಯ ಹಾಲೆಯಷ್ಟು ಮೆತ್ತಗಾಗುವವರೆಗೆ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟಳು. ಆ ಅರ್ಧ ಗಂಟೆಯಲ್ಲಿ ತೌಡು ನೀರು ಕುಡಿದು ಮೆದುವಾಗುತ್ತದೆ, ಅಂಟು ಸಡಿಲವಾಗುತ್ತದೆ. ಹಸಿದ ಗಂಡಸರಿಗೆ ಈ ವಿವರಣೆಯಲ್ಲಿ ಆಸಕ್ತಿ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಮುಂದಿನದು ಲಟ್ಟಣಿಗೆ. ನಮ್ಮ ಮನೆಯಲ್ಲಿ ಚನ್ನಪಟ್ಟಣದ ಲಟ್ಟಣಿಗೆಯೊಂದು ಬಣ್ಣದ ಅರಗಿನ ಹೊಳಪಿನಲ್ಲಿ ಡ್ರಾಯಿಂಗ್ ರೂಮಿನ ಗೋಡೆಗೆ ನೇತುಬಿದ್ದಿತ್ತು. ಬೊಂಬೆಯೂರಿನ ಕುಶಲಕಲೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆವು. ಅವ್ವ ಅದನ್ನು ಮೊಳೆಯಿಂದ ಇಳಿಸಿ, ಸೆರಗಿನಲ್ಲಿ ಒರೆಸಿ, ಕೆಲಸಕ್ಕೆ ಹಚ್ಚಿದಳು. ಸೊಸೆ ಡಿಶ್‌ವಾಷರಿಗೆ ಹಾಕಲು ಹೋದಾಗ ಮಾತ್ರ ಕೂಗಿದಳು. ಬಿಸಿ ತಾಗಿದರೆ ಅರಗು ಮೆತ್ತಗಾಗುತ್ತದೆ, ಮರ ನೀರು ಹೀರಿ ಉಬ್ಬುತ್ತದೆ. ಮನೆಯಲ್ಲಿ ಉಬ್ಬಬಾರದ್ದು ಇದೊಂದೇ.

ಲಟ್ಟಿಸುವಾಗ ಅವಳ ಕೈ ನೋಡಬೇಕು. ನಡುವೆ ಒತ್ತದೆ ಅಂಚಿಗೇ ಒತ್ತುತ್ತಾಳೆ, ರೊಟ್ಟಿ ಮಣೆಯ ಮೇಲೆ ತಾನೇ ತಿರುಗುತ್ತದೆ. ಅಂಚು ದಪ್ಪ, ನಡು ತೆಳುವಾದರೆ ನಡು ಬೇಗ ಒಣಗಿ ಬಿರಿಯುತ್ತದೆ. ಮಡಿಕೆ ಬಿದ್ದರೂ ಕೆಲಸ ಕೆಟ್ಟಂತೆ. ಒಣಹಿಟ್ಟು ಜಾಸ್ತಿಯಾದರೆ ಹಂಚಿನ ಮೇಲೆ ಅದು ಮೊದಲು ಕರಕಲಾಗುತ್ತದೆ, ಅಪ್ಪನ ಟವೆಲಿಗೆ ಕೆಲಸ ಹೆಚ್ಚುತ್ತದೆ. ಹಾಗಾಗಿ ಹಾಕುವ ಮುಂಚೆ ಎರಡು ಅಂಗೈಗಳ ನಡುವೆ ತಟ್ಟಿ ಉದುರಿಸುವುದು ಅವಳ ಪದ್ಧತಿ.

ಉರಿಯಿಲ್ಲದ ಒಲೆಗೆ ಅವಳು ಕಂಡುಕೊಂಡ ಉಪಾಯ ಭಾರದ ಕಬ್ಬಿಣದ ಹಂಚು. ಐದು ನಿಮಿಷ ಕಾಯಿಸಿದರೆ ಸುರುಳಿ ಆರಿದರೂ ಹಂಚು ಆರುವುದಿಲ್ಲ. ಚಿಟಿಕೆ ಹಿಟ್ಟು ಉದುರಿಸಿದರೆ ನಾಲ್ಕೈದು ಸೆಕೆಂಡಿನಲ್ಲಿ ಕಂದಬೇಕು. ತಕ್ಷಣ ಕಪ್ಪಾದರೆ ಕಾವು ಅತಿಯಾಯಿತು. ಮೊದಲ ಬದಿಗೆ ಹದಿನೈದು ಸೆಕೆಂಡು, ಬಣ್ಣ ಬದಲಾಗಿ ಸಣ್ಣ ಗುಳ್ಳೆ ಏಳುವಷ್ಟೇ. ಇಲ್ಲಿ ಆಸೆಪಟ್ಟು ಹೆಚ್ಚು ಬೇಯಿಸಿದರೆ ಆ ಪೊರೆ ಒಣಗಿ ಹಿಗ್ಗುವುದನ್ನು ಮರೆಯುತ್ತದೆ. ತಿರುವಿ ಎರಡನೆಯ ಬದಿಯನ್ನು ಅದರ ದುಪ್ಪಟ್ಟು ಹೊತ್ತು, ಕಂದು ಚುಕ್ಕೆ ಬರುವವರೆಗೆ. ಮತ್ತೆ ತಿರುವಿದಾಗ ಮೊದಲಿನ ಎಳೆಯ ಬದಿ ಕೆಳಗೆ ಬರುತ್ತದೆ. ಎಲ್ಲಿ ಒಂದು ಗುಳ್ಳೆ ಎದ್ದಿತೋ ಅದರ ಪಕ್ಕದಲ್ಲಿ ಮಡಿಸಿದ ಬಟ್ಟೆಯಿಂದ ಮೆಲ್ಲಗೆ ಒತ್ತಬೇಕು, ಗುಳ್ಳೆಯ ಮೇಲಲ್ಲ. ಒಳಗಿನ ಆವಿ ಇನ್ನೂ ಅಂಟಿಕೊಂಡಿರುವ ಕಡೆಗೆ ಹರಿದು, ಎರಡು ಪೊರೆಗಳನ್ನು ಬಿಡಿಸುತ್ತಾ ಹೋಗುತ್ತದೆ. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅವ್ವ, "ಪಂಜಾಬಿನೋರಿಗೆ ಹೇಳು, ಮಾಗಡಿನೋರು ಉರಿ ಇಲ್ದೇನೇ ಉಬ್ಬುಸ್ತಾರೆ ಅಂತ" ಅಂದಳು.

ಫುಲ್ಕಾ ಗೆದ್ದ ಉಮೇದಿನಲ್ಲಿ ಕನ್ನಡ ಸಂಘದ ಊಟಕ್ಕೆ ಪೂರಿ ಒಪ್ಪಿಕೊಂಡಳು. ಪೂರಿಯ ಲೆಕ್ಕ ಉಲ್ಟಾ. ಹಿಟ್ಟು ಗಟ್ಟಿ, ಮೆತ್ತಗಾದರೆ ಎಣ್ಣೆ ಕುಡಿಯುತ್ತದೆ. ಒಣಹಿಟ್ಟು ಬೇಡ, ಮಣೆಗೆ ಹನಿ ಎಣ್ಣೆ ಸವರಬೇಕು. ಒಂದು ಹಿಡಿ ಚಿರೋಟಿ ರವೆ ಬೆರೆಸಿದರೆ ಬೇಗ ಮೆತ್ತಗಾಗುವುದಿಲ್ಲ. ಗೋಲಿಯಷ್ಟು ಹಿಟ್ಟು ಎಣ್ಣೆಗೆ ಬಿಟ್ಟರೆ ಅದು ತಳಕ್ಕೆ ಹೋಗಿ ತಕ್ಷಣ ಮೇಲೆ ಬರಬೇಕು, ಸುಮಾರು 180 ಡಿಗ್ರಿ. ಪೂರಿ ಮೇಲೇಳುತ್ತಿದ್ದಂತೆ ಜಾಲರಿ ಸೌಟಿನಿಂದ ಎಣ್ಣೆಯೊಳಕ್ಕೆ ಮೆಲ್ಲಗೆ ಅದುಮಿದರೆ ಮೇಲ್ಪೊರೆಗೂ ಕಾವು ತಗುಲಿ ತುಂಬ ಉಬ್ಬುತ್ತದೆ. ಬೇಗ ಮುಗಿಯಲೆಂದು ಒಮ್ಮೆಗೇ ಐದಾರು ಬಿಟ್ಟರೆ ಎಣ್ಣೆ ತಣ್ಣಗಾಗಿ ಎಲ್ಲವೂ ಮಲಗುತ್ತವೆ. ಅವ್ವ ಒಂದೊಂದಾಗಿಯೇ ಕರಿದಳು, ಅಪ್ಪ ಬೆಳಗಿನಿಂದ ಟವೆಲ್ ಬೀಸಿದರು.

ಆದರೆ ಒಳಗಿನ ಆವಿ ಆರಿ ನೀರಾದರೆ ಉಬ್ಬು ಇಳಿಯಲೇಬೇಕು, ಅದನ್ನು ತಡೆಯುವ ವಿದ್ಯೆ ಯಾವ ಊರಿನಲ್ಲೂ ಇಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ಅರೆತೆರೆದಿಟ್ಟು ಕಾರಿನಲ್ಲಿ ಒಯ್ದರೂ ಹಾಲಿಗೆ ಹೋಗುವಷ್ಟರಲ್ಲಿ ಎಲ್ಲವೂ ಚಪ್ಪಟೆ. ಬಡಿಸುವ ಮೇಜಿನ ಉಸ್ತುವಾರಿಯ ಹೆಂಗಸು ಡಬ್ಬಿಯೊಳಗೆ ಇಣುಕಿ, ಪಕ್ಕದಲ್ಲಿ 'ಎಣ್ಣೆ ಚಪಾತಿ' ಎಂದು ಚೀಟಿ ಬರೆದು ಅಂಟಿಸಿದರು. ಅವ್ವ ಆಕೆಯ ಹೋಳಿಗೆಯನ್ನು ಮುಟ್ಟಲಿಲ್ಲ.